ಸರ್ಕ್ಯುಲರ್‌ದಾಗಿನ ತಾರೀಖು

ಇವತ್ತು ರಾಯಚೂರು ಆಫೀಸಿನ್ಯಾಗ ಹೆಡ್ ಆಫೀಸಿಂದ ಬಂದ ಇಂಗ್ಲಿಷ್ ಸರ್ಕ್ಯುಲರ್ ಕನ್ನಡಕ್ಕ ಮಾಡಾಕ ಕುಂತಿದ್ದೆ, ಮಾತು ಸಲೀಸಾಗಿ ಬಂತು ಆದ್ರ ತಾರೀಖು ತಡೀತು ನೋಡ್ರಿ, 06/05/2026 ಶುಕ್ರವಾರ ಅಂತ ಇತ್ತು. ನಮ್ ಮಂದಿ ಓದಿದ್ರ ಅದು ಮೇ 6. ಕ್ಯಾಲೆಂಡರ್ ತಗದು ನೋಡಿದ್ರ ಮೇ 6 ಬುಧವಾರ, ಜೂನ್ 5 ಶುಕ್ರವಾರ, ಅಂದ್ರ ಬರದವರು ಅಮೆರಿಕಾದವ್ರಂಗ ತಿಂಗಳು ಮೊದ್ಲು ಹಾಕ್ಯಾರ. ಆದ್ರೂ ವಾರ ತಪ್ಪಾಗಿರಬೌದಲ್ಲ, ಫೋನ್ ಹಚ್ಚಿ ಕೇಳ್ದೆ, ಜೂನೇ ಅಂದ್ರು.

ಅದಕ್ಕ ತಿಂಗಳು ಅಕ್ಷರದಾಗ ಬರದೆ: "ಎಲ್ಲಾ ಸಿಬ್ಬಂದಿಯು ದಾಖಲೆಗಳನ್ನು 2026ರ ಜೂನ್ 5, ಶುಕ್ರವಾರ ಸಂಜೆ 5.30ರೊಳಗಾಗಿ ತಪ್ಪದೇ ಸಲ್ಲಿಸತಕ್ಕದ್ದು." 5ರ ಮುಂಚೆ ಅಂತ ಬರದ್ರ 5ನೇ ತಾರೀಖು ನಡೀತದೋ ಇಲ್ಲೋ ಅಂತ ಅನುಮಾನ ಬರ್ತದ, ಟೈಮ್ ಹಾಕಿದ್ರ ಆ ಪ್ರಶ್ನಿನೇ ಏಳಂಗಿಲ್ಲ. ಇಂಗ್ಲಿಷ್‌ದಾಗಿನ ದಯವಿಟ್ಟು ಬಿಟ್ಟೆ, ಆದೇಶಕ್ಕ "ತಕ್ಕದ್ದು" ಸಾಕು, ಗೌರವನೂ ಇರ್ತದ ಬಿಗಿನೂ ಇರ್ತದ. ಇನ್ನ ಸರ್ಕ್ಯುಲರ್ ತಲುಪಿದ 7 ದಿನದೊಳಗ ಆಕ್ಷೇಪಣೆ ಕೊಡ್ರಿ ಅಂತ ಒಂದು ಸಾಲೈತಿ, ಸಿಂಧನೂರು ಬ್ರಾಂಚಿಗೆ ಎರಡು ದಿನ ತಡ ಮುಟ್ಟಿದ್ರ ಅವರ ಕೊನೇ ದಿನನೂ ಬ್ಯಾರೆ ಆಗ್ತದ, ಹಂಗಾಗಿ ಅದಕ್ಕ ನಾನೇ ತಾರೀಖು ಹಾಕಲಿಲ್ಲ, ಸಾಹೇಬ್ರ ಸಹಿಗೆ ಹೋಗೋ ಮುಂಚೆ ಅವರನ್ನೇ ಕೇಳೀನಿ.