ಏಳು ಗಂಟೆಯ ಮೊಬೈಲು

ಹುಬ್ಬಳ್ಳಿಯ ಆ ತಾಯಿ ಒಂದು ವಾರ ಬರೆದಿಟ್ಟುಕೊಂಡು ಬಂದ ನೋಟ್‌ಬುಕ್ಕಿನಲ್ಲಿ ಮಂಗಳವಾರದ ಸಾಲು ಹೀಗಿತ್ತು: "ಸಂಜೆ 7. ಮೊಬೈಲ್ ಇಡು ಅಂತ 11 ಸಲ ಹೇಳಿದೆ. ಕೊನೆಗೆ ಚೀರಿದೆ. ಬಾಗಿಲಿಗೆ ಒದ್ದ. ಅತ್ತಿ, 'ಹೋಗ್ಲಿ ಬಿಡವಾ, ಇನ್ನೊಂದೈದು ನಿಮಿಷ ನೋಡ್ಲಿ' ಅಂದ್ರು. 7.40ಕ್ಕ ತಾನ ಇಟ್ಟ."

ಹುಡುಗನಿಗೆ ಎಂಟು ವರ್ಷ, ಮೂರನೇ ಇಯತ್ತೆ. ಶಾಲೆಯಿಂದ ದೂರಿಲ್ಲ. ಮನೆಯಲ್ಲಿ ಮಾತ್ರ ಏನು ಹೇಳಿದರೂ "ಇಲ್ಲ", ಎಂಟು ತಿಂಗಳಿಂದ ಹೀಗೇ. ಇಂಥ ಎದುರು ನಿಲ್ಲುವ ಸ್ವಭಾವಕ್ಕೆ, ಮಕ್ಕಳ ವರ್ತನೆಯ ಬಗ್ಗೆ ಸಲಹೆ ಕೊಡುವ ನಾವು ಮಗುವಿಗಿಂತ ಮೊದಲು ಪಾಲಕರಿಗೇ ತರಬೇತಿ ಕೊಡುತ್ತೇವೆ. ಅದಕ್ಕೆ ಕಾರಣ ಆ ಒಂದು ಸಾಲಿನಲ್ಲೇ ಇದೆ. ಹನ್ನೊಂದು ಸಲ "ಇಲ್ಲ" ಅಂದಿದ್ದಕ್ಕೆ ಹುಡುಗನಿಗೆ ನಲವತ್ತು ನಿಮಿಷ ಮೊಬೈಲು ಸಿಕ್ಕಿತು. ಬಿಟ್ಟುಕೊಟ್ಟಿದ್ದಕ್ಕೆ ದೊಡ್ಡವರಿಗೆ ಮನೆ ಶಾಂತವಾಯಿತು. ಇಬ್ಬರಿಗೂ ಲಾಭ, ಹಾಗಾಗಿ ಇಬ್ಬರೂ ನಾಳೆ ಅದನ್ನೇ ಮಾಡುತ್ತಾರೆ. ಅಮೆರಿಕದ ಓರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್‌ಸನ್ ಎಂಬ ಮನಶ್ಶಾಸ್ತ್ರಜ್ಞ ಮನೆಮನೆಗಳಲ್ಲಿ ನಡೆದ ಇಂಥ ಜಗಳಗಳನ್ನು ಗಮನಿಸಿ, ಈ ಸುಳಿಯನ್ನು 1982ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಒಬ್ಬರ ಚೀರಾಟ ಇನ್ನೊಬ್ಬರಿಗೆ ಪಾಠವಾಗುತ್ತದೆ ಎಂಬುದೇ ಅದರ ತಿರುಳು.

ಪಾಲಕರು ಬಂದ ದಿನವೇ ಕೇಳುವುದು ಶಿಕ್ಷೆ ಯಾವುದು ಕೊಡಬೇಕು ಅಂತ. ನಾವು ಮೊದಲ ಎರಡು ವಾರ ಅದರ ಮಾತೇ ಎತ್ತುವುದಿಲ್ಲ. ದಿನವಿಡೀ ಬೈಗುಳವನ್ನೇ ಕೇಳುವ ಮಗುವಿಗೆ ಇನ್ನೊಂದು ಮಿತಿ ಹಾಕಿದರೆ ಅದೂ ಇನ್ನೊಂದು ಬೈಗುಳವೇ ಆಗುತ್ತದೆ. ಕಳೆದುಕೊಳ್ಳಲು ಏನಾದರೂ ಒಳ್ಳೆಯದು ಇದ್ದರೆ ಮಾತ್ರ ಮಿತಿಗೆ ಬೆಲೆ. ಅದಕ್ಕೇ ದಿನಕ್ಕೆ ಹತ್ತು ಹದಿನೈದು ನಿಮಿಷ ಅವನು ಆರಿಸಿದ ಆಟ, ಅವನದೇ ನಿಯಮ. ತಾಯಿ ಪ್ರಶ್ನೆ ಕೇಳುವಂತಿಲ್ಲ, ಕಲಿಸುವಂತಿಲ್ಲ. ಅದರ ಜೊತೆಗೆ ಶಹಬ್ಬಾಸ್‌ಗಿರಿ.

ಈ ಶಹಬ್ಬಾಸ್‌ಗಿರಿಯಲ್ಲೇ ಹೆಚ್ಚಿನವರು ಎಡವುತ್ತಾರೆ. "ಚಲೋ ಹುಡುಗ" ಅಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ. ಕೆಲಸ ಮಾಡಿದ ಕೂಡಲೇ ಹತ್ತಿರ ಹೋಗಿ, ಬೆನ್ನ ಮೇಲೆ ಕೈಯಿಟ್ಟು, "ಹೇಳಿದ ಕೂಡ್ಲೇ ಚಪ್ಲಿ ಸಾಲಿಗೆ ಇಟ್ಟಿಯಲ್ಲ, ಭಾಳ ಚಲೋ ಆತು" ಅನ್ನಬೇಕು. ಅಲ್ಲಿಗೆ ನಿಲ್ಲಬೇಕು. ಈ ತಾಯಿ ಮೊದಲ ವಾರ ನಿಲ್ಲಲಿಲ್ಲ. "ಚಲೋ ಮಾಡಿದಿ, ದಿನಾ ಹಿಂಗ ಮಾಡಿದ್ರ ನಿನಗೇನಾಗ್ತೈತಿ?" ಅಂತ ಬಾಲ ಜೋಡಿಸಿದರು. ಆ ಬಾಲದಿಂದ ಹೊಗಳಿಕೆ ಬೈಗುಳವಾಗುತ್ತದೆ, ಹುಡುಗ ಮುಖ ತಿರುಗಿಸುತ್ತಾನೆ. ಹುಡುಗನ ಅಜ್ಜಿ, ಆಯಿಯದು ಬೇರೆ ತಕರಾರು: "ಕೂಸಿನ ಮುಂದ ಹೊಗಳಬಾರ್ದು, ದೃಷ್ಟಿ ಆಗ್ತೈತಿ." ಅವರ ಜೊತೆ ವಾದಕ್ಕೆ ಇಳಿಯಲಿಲ್ಲ. ಹುಡುಗನನ್ನು ಹೊಗಳಬೇಡಿರಿ, ಅವನು ಮಾಡಿದ ಕೆಲಸ ಹೇಳಿರಿ ಅಂದೆವು. "ತಾಟು ತೊಳ್ಯಾಕ ಇಟ್ಟಿ" ಅನ್ನುವುದಕ್ಕೆ ಅವರು ಒಪ್ಪಿದರು. ಮಗುವಿಗೆ ಅಷ್ಟೇ ಸಾಕು.

ಮೂರನೇ ವಾರ ಮಿತಿ ಶುರುವಾಯಿತು, ಒಂದೇ ವಿಷಯಕ್ಕೆ: ಏಳಕ್ಕೆ ಮೊಬೈಲ್ ಇಡುವುದು. ಮೊದಲು ತಾಯಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅಲ್ಲಿಂದಲೇ ಕೂಗುತ್ತಿದ್ದರು. ಈಗ ಏಳಕ್ಕೆ ಐದು ನಿಮಿಷ ಇರುವಾಗ ಒಮ್ಮೆ ಮುನ್ಸೂಚನೆ. ಏಳಕ್ಕೆ ಒಲೆ ಆರಿಸಿ, ಕೈಯಳತೆ ದೂರಕ್ಕೆ ಹೋಗಿ, ಕೂತು, ಹೆಸರು ಹಿಡಿದು ಕರೆದು, ಅವನು ನೋಡಿದ ಮೇಲೆ, "ಮೊಬೈಲ್ ಆಫ್ ಮಾಡಿ ನನ್ನ ಕೈಯಾಗ ಕೊಡು." "ಇಡ್ತೀಯೇನು?" ಅಲ್ಲ; ಕೇಳಿದರೆ "ಇಲ್ಲ" ಎಂಬುದೂ ಸರಿಯಾದ ಉತ್ತರವೇ. ಹೇಳಿದ ಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲೇ ಐದು ಎಣಿಸಬೇಕು. ಹೆಚ್ಚಿನವರಿಗೆ ಕಷ್ಟವಾಗುವುದು ಈ ಐದು ಸೆಕೆಂಡೇ. ಕೊಟ್ಟರೆ ಕೂಡಲೇ ಶಹಬ್ಬಾಸ್. ಕೊಡದಿದ್ದರೆ ಒಂದೇ ಎಚ್ಚರಿಕೆ: "ಈಗ ಕೊಡದಿದ್ರ ನಾಳೆ ಸಂಜಿ ಮೊಬೈಲ್ ಇಲ್ಲ." ಮತ್ತೆ ಐದು. ಆಮೇಲೆ ಹೇಳಿದ್ದು ಆಗಿಬಿಡಬೇಕು, ಉಪದೇಶವಿಲ್ಲದೆ.

ಒಂದೇ ಸಂಜೆ ಸಾಲದು, ತಿಂಗಳುಗಟ್ಟಲೆ ಬಂದ್ ಮಾಡುತ್ತೇನೆ ಅಂದರು ತಂದೆ. ದುರ್ಗದ ಬೈಲಿನ ಅಂಗಡಿ ಮುಚ್ಚಿ ಅವರು ಮನೆ ಸೇರುವುದೇ ಒಂಬತ್ತಕ್ಕೆ. ಆ ತಿಂಗಳನ್ನು ನಡೆಸಬೇಕಾದವರು ತಾಯಿ ಮತ್ತು ಆಯಿ, ಮೂರನೇ ದಿನಕ್ಕೇ ಅದು ಸಡಿಲವಾಗುತ್ತದೆ. ನಡೆಸಲು ಆಗುವ ಸಣ್ಣ ಶಿಕ್ಷೆ, ನಡೆಸಲಾಗದ ದೊಡ್ಡದಕ್ಕಿಂತ ಬಲವಾದದ್ದು. ಏಟೂ ಬೇಡ ಅಂದೆವು: ಆ ಹೊತ್ತಿಗೆ ಹುಡುಗ ಸುಮ್ಮನಾಗುತ್ತಾನೆ, ಆದರೆ ಸಿಟ್ಟು ಬಂದಾಗ ಕೈ ಎತ್ತುವುದನ್ನು ಕಲಿಯುತ್ತಾನೆ.

ಮೂರು ದಿನ ಸಲೀಸಾಗಿ ನಡೆಯಿತು. ನಾಲ್ಕನೇ ದಿನ, ಗುರುವಾರ, ಎಚ್ಚರಿಕೆ ಮುಗಿದರೂ ಕೊಡಲಿಲ್ಲ. ತಾಯಿ ತೆಗೆದುಕೊಂಡು ತಿಜೂರಿಯಲ್ಲಿಟ್ಟರು. ನೆಲಕ್ಕೆ ಬಿದ್ದು ಅತ್ತ. "ನೀ ನಮ್ಮವ್ವನ ಅಲ್ಲ" ಅಂದ. ಸ್ಟೀಲ್ ಲೋಟ ಒಗೆದ. ಇದು ಬರುತ್ತದೆ ಅಂತ ನಾವು ಮೊದಲೇ ಹೇಳಿದ್ದೆವು. ಹಳೆಯ ಉಪಾಯ ಫಲ ಕೊಡದಾಗ ಮಗು ಅದನ್ನು ಬಿಡುವ ಮೊದಲು ಇನ್ನಷ್ಟು ಜೋರಾಗಿ ಮಾಡಿ ನೋಡುತ್ತದೆ. ನಾವು ಹೇಳಿದಂತೆ ತಾಯಿ ಒಲೆ ಹಚ್ಚಿ ರೊಟ್ಟಿ ಬಡಿಯುತ್ತ, ಅವನ ಮೇಲೊಂದು ಕಣ್ಣಿಟ್ಟಿದ್ದರು. ಇಪ್ಪತ್ತನೇ ನಿಮಿಷಕ್ಕೆ ಆಯಿ ತಿಜೂರಿ ತೆಗೆದು ಮೊಬೈಲ್ ಕೊಟ್ಟರು.

ಆದ ಹಾನಿ ಏನೆಂದರೆ, ಮೊದಲು ಹನ್ನೊಂದು "ಇಲ್ಲ"ಕ್ಕೆ ಸಿಗುತ್ತಿದ್ದದ್ದಕ್ಕೆ ಈಗ ಇಪ್ಪತ್ತು ನಿಮಿಷದ ಅಳು ಬೇಕು ಎಂಬುದನ್ನು ಅವನು ಕಲಿತ. ಶುಕ್ರವಾರ ಮೂವತ್ತೈದು ನಿಮಿಷ ಅತ್ತ. "ಇದು ನಡೆಯೂದಿಲ್ರೀ" ಅಂತ ತಾಯಿ ಫೋನ್ ಮಾಡಿದ್ದು ಅವತ್ತೇ. ಹೆಚ್ಚಿನ ಮನೆಗಳು ಕೈಬಿಡುವುದೂ ಇಲ್ಲೇ.

ಮುಂದಿನ ಭೇಟಿಗೆ ಆಯಿಯನ್ನೂ ಕರೆಸಿದೆವು. ಅವರನ್ನು ತಪ್ಪಿತಸ್ಥರನ್ನಾಗಿ ಕೂರಿಸಲಿಲ್ಲ, ಮೊಮ್ಮಗನ ಅಳು ಕೇಳಿ ಕರಗಿದ ಜೀವ ಅದು. ಅವರಿಗೊಂದು ಕೆಲಸ ಕೊಟ್ಟೆವು: ಅಳು ನಿಂತು ಅವನು ಉಸಿರು ಹಿಡಿದ ಕೂಡಲೇ ಮೊದಲು ಮಾತಾಡಿಸುವವರು ಅವರೇ. "ತಾನ ಸುಮ್ಮನಾದ್ಯಲ್ಲ ತಮ್ಮಾ, ಬಾ, ಉಣ್ಣೂಣು." ಅಳುವಾಗ ಯಾರ ಗಮನವೂ ಇಲ್ಲ, ನಿಂತಾಗ ಆಯಿಯ ಮಡಿಲು. ಲೋಟ ಒಗೆದದ್ದನ್ನು ಅಳುವಾಗ ಎತ್ತಿಸಲು ಹೋಗಬಾರದು, ಅದು ಎರಡನೇ ಜಗಳವಾಗುತ್ತದೆ. ಶಾಂತನಾದ ಮೇಲೆ ಎತ್ತಿಡಿಸಬೇಕು. ಯಾರಿಗಾದರೂ ಹೊಡೆದರೆ ಮಾತ್ರ ಸುಮ್ಮನಿರುವಂತಿಲ್ಲ. ಪಡಸಾಲೆಯ ಮೂಲೆಯ ಕುರ್ಚಿಯಲ್ಲಿ ಐದು ನಿಮಿಷ. ಬಚ್ಚಲಲ್ಲಿ, ಕತ್ತಲ ಕೋಣೆಯಲ್ಲಿ, ಬಾಗಿಲ ಹೊರಗೆ ಎಂದೂ ಅಲ್ಲ.

ಆ ವಾರದ ಲೆಕ್ಕ ತಾಯಿಯ ಅಕ್ಷರದಲ್ಲೇ ಇದೆ: ಸೋಮವಾರ 30 ನಿಮಿಷ, ಮಂಗಳವಾರ 15, ಬುಧವಾರ ಅಳು ಇಲ್ಲ, ಗುರುವಾರ 10, ಶುಕ್ರವಾರ ಎಚ್ಚರಿಕೆಗೇ ಕೊಟ್ಟ. ನಡುವೆ ಒಮ್ಮೆ ಏರಿದ್ದಕ್ಕೆ ಅವರು ಗಾಬರಿಯಾಗಲಿಲ್ಲ. ಇಳಿಯುವುದು ಹೀಗೇ, ಮೆಟ್ಟಿಲು ಮೆಟ್ಟಿಲಾಗಿ ಅಲ್ಲ.

ಈ ಹುಡುಗನಿಗೆ ಇಷ್ಟು ಸಾಕಾಯಿತು. ಎಲ್ಲರಿಗೂ ಸಾಕಾಗುವುದಿಲ್ಲ. ಓದು ಬರಹದ ಹೊತ್ತಿಗೆ ಮಾತ್ರ ಹಟ ಹಿಡಿಯುವ ಮಗುವಿಗೆ ಅಕ್ಷರವೇ ಕಷ್ಟವಾಗಿರಬಹುದು, ಶಾಲೆಯಲ್ಲೂ ಕೂತಲ್ಲಿ ಕೂರದ ಮಗುವಿಗೆ ಗಮನದ ತೊಂದರೆ ಇರಬಹುದು. ಅಂಥವರನ್ನು ಮೊದಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ತೋರಿಸಬೇಕು. ಎಲ್ಲಿ ಹೋಗುವುದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕೇಳಬಹುದು.

ಆರನೇ ವಾರದ ನೋಟ್‌ಬುಕ್ಕಿನಲ್ಲಿ ಹೊಸ ತಕರಾರು: ರವಿವಾರ ಗದಗಿನ ಮಾಮಾನ ಮನೆಯಲ್ಲಿ ಏಳು ಗಂಟೆ ನಡೆಯಲಿಲ್ಲ, ಅಲ್ಲಿ ಎಲ್ಲ ಮಕ್ಕಳ ಕೈಯಲ್ಲೂ ಮೊಬೈಲು. ಮುಂದಿನ ಸಲ ಬಸ್ ಹತ್ತುವ ಮೊದಲೇ ನಿಯಮ ಹೇಳುವುದು, ಮಾಮಿಗೆ ಹಿಂದಿನ ದಿನವೇ ಫೋನ್ ಮಾಡಿ ತಿಳಿಸುವುದು ಅಂತ ಬರೆದುಕೊಂಡೆವು. ಕೆಳಗೆ ಬೇರೆ ಕೈಬರಹದಲ್ಲಿ, ಆಯಿ ಹೇಳಿ ಮೊಮ್ಮಗನೇ ಬರೆದ ಒಂದು ಸಾಲಿತ್ತು: "ಇವತ್ತು ಒಂದೇ ಸಲಕ್ಕ ಕೊಟ್ಟೆ."