ಬಾಗಿದ ನೀರು

ಮುನಿರಾಬಾದ್ ಹತ್ತಿರ ತುಂಗಭದ್ರಾ ಹಿನ್ನೀರಿನ ಪಕ್ಕ ಬೈಕ್ ಓಡಿಸುತ್ತಾ ತೆಗೆದ ವಿಡಿಯೋ ಎಡಿಟ್‌ಗೆ ಕೂತೆ. ದೂರದ ನೀರಿನ ಗೆರೆ ಬೋರಲು ಹಾಕಿದ ಬಾಣಲೆ ತರ ಬಾಗಿತ್ತು. ಸಾಲದ್ದಕ್ಕೆ ಹೆಲ್ಮೆಟ್ ಕ್ಯಾಮೆರಾ ವಾಲಿತ್ತು.

ಮೊದಲು ಸುಮ್ನೆ ತಿರುಗಿಸಿದೆ. ಗೆರೆಯ ಎಡಭಾಗ ಸರಿ ಮಾಡಿದರೆ ಬಲಭಾಗ ಜಾರುತ್ತಿತ್ತು. ಬಾಗಿದ ಗೆರೆಯ ಓರೆ ಅಳೆಯೋದು ಹೇಗೆ? ರೊಟೇಶನ್ ತೆಗೆದು, ಮೊದಲು ಲೆನ್ಸ್‌ನಿಂದಾದ ಬಾಗು ತೆಗೆಯುವ ಲೆನ್ಸ್ ಕರೆಕ್ಷನ್ ಹಾಕಿದೆ. ಗೆರೆ ನೆಟ್ಟಗಾಯಿತು. ಆಮೇಲೆ ನೋಡಿದರೆ ಓರೆ ಬರೀ 4 ಡಿಗ್ರಿ! ತಿರುಗಿಸಿದ ಮೇಲೆ ಮೂಲೆಗಳಲ್ಲಿ ಕಪ್ಪು ಉಳಿಯಿತು. ಅದನ್ನು ಮುಚ್ಚಲು ಸುಮಾರು 12% ಝೂಮ್ ಬೇಕಾಯಿತು. ಒಂದೊಂದು ಕ್ಲಿಪ್‌ನ ಓರೆಯೂ ಬೇರೆ, ಹಾಗಾಗಿ ಜೋಡಿಸೋದು ಕೊನೆಗೆ.

ಅಂದಹಾಗೆ, ಗೆರೆ ಫ್ರೇಮಿನ ನಟ್ಟನಡುವೆ ಹಾದರೆ ಬಾಗೋದೇ ಇಲ್ಲ. ನಾನು ರಸ್ತೆ ಗುಂಡಿ ನೋಡುತ್ತಾ ತಲೆ ತಗ್ಗಿಸಿದ್ದೆ, ಗೆರೆ ಫ್ರೇಮಿನ ಮೇಲ್ಭಾಗಕ್ಕೆ ಹೋಗಿ ನೀರು ಬಾಗಿತ್ತು.