ದೊಡ್ಡಪ್ಪನ ವಿಡಿಯೋ ಮತ್ತು ಕೊನೇ ಅಕ್ಷರ

ಮೂಡಿಗೆರೆ ತೋಟದಲ್ಲಿ ದೊಡ್ಡಪ್ಪ ಕಾಫಿ ಗಿಡದಲ್ಲಿ ನೆಟ್ಟಗೆ ಏಳೋ ಕಂಬಚಿಗುರು ತೆಗೆಯೋದು ಹೇಳ್ಕೊಟ್ಟ 14 ನಿಮಿಷದ ವಿಡಿಯೋನ ಮೌನ ಕಟ್ ಮಾಡೋ ಸಾಫ್ಟ್‌ವೇರ್‌ಗೆ ಹಾಕ್ದೆ, 9 ನಿಮಿಷಕ್ಕೆ ಇಳೀತು, ಖುಷಿ ಆಯ್ತು. ಆದ್ರೆ ಹೆಡ್‌ಫೋನ್ ಹಾಕಿ ಕೇಳಿದ್ರೆ, ಅಡ್ಡ ಕೊಂಬೆ ತೋರಿಸಿ "ಈ ರೆಕ್ಕೆ ಕಡೀಬಾರ್ದು" ಅಂದಿದ್ದು "ಈ ರೆಕ್ಕೆ ಕಡೀಬಾ" ಅಂತ ಆಗಿದೆ! ಯಾಕಂದ್ರೆ ಅದು ಅರ್ಥ ನೋಡಲ್ಲ, ದನಿ ಒಂದು ಮಟ್ಟಕ್ಕಿಂತ ಕೆಳಗಿಳಿದ್ರೆ ಮೌನ ಅಂತ ಎಣಿಸುತ್ತೆ ಅಷ್ಟೇ. ನಾವು ವಾಕ್ಯದ ಕೊನೆಗೆ ದನಿ ಇಳಿಸ್ತೀವಿ, ಕನ್ನಡದಲ್ಲಿ ಅಲ್ಲ, ಇಲ್ಲ, ಬಾರ್ದು ಎಲ್ಲಾ ಬರೋದೇ ಆ ಕೊನೇಲಿ.

ಮಾತಿನ ಆಚೀಚೆ ಬಿಡೋ ಜಾಗ 0.2 ಸೆಕೆಂಡ್ ಇತ್ತು, ಕೊನೆಯ ಕಡೆ ಮಾತ್ರ 0.5 ಮಾಡ್ದೆ, ಮುಕ್ಕಾಲು ಸರಿಹೋಯ್ತು. ಮಳೆ ಹಿಡಿದ ಭಾಗದಲ್ಲಿ ಮಾತ್ರ ಒಂದೂ ಕಟ್ ಬಿದ್ದಿಲ್ಲ, ಹಂಚಿನ ಮೇಲಿನ ಸದ್ದೇ ಆ ಮಟ್ಟ ದಾಟಿತ್ತು. ಅಲ್ಲಿ ಮಟ್ಟ ಏರಿಸಿದ್ರೆ ಮೆಲ್ಲಗಾಡಿದ ಮಾತೇ ಹೋಗುತ್ತೆ, ಹಾಗಾಗಿ ಕೈಯಲ್ಲೇ ಕಟ್ ಮಾಡ್ದೆ.

ಆಮೇಲೆ 'ಅಂದ್ರೆ' ಅನ್ನೋದನ್ನ ತೆಗೆದುಹಾಕೋ ಅಡ್ಡಮಾತಿನ ಪಟ್ಟಿಗೆ ಸೇರಿಸಿದ್ದೆ. "ಅಂದ್ರೆ... ಅಂದ್ರೆ..." ಅಂತ ತಡವರಿಸಿದ್ದು ಹೋಯ್ತು ಸರಿ, "ಕಂಬಚಿಗುರು ಅಂದ್ರೆ ನೆಟ್ಟಗೆ ಮೇಲಕ್ಕೆ ಹೋಗೋದು" ಅನ್ನೋದ್ರಲ್ಲಿದ್ದ 'ಅಂದ್ರೆ'ನೂ ಹೋಯ್ತು. ಅದನ್ನ ಒಂದೊಂದೇ ಕೇಳಿ ವಾಪಸ್ ತಂದೆ.

ಇನ್ನೊಂದು, ದೊಡ್ಡಪ್ಪ ಮಾತಾಡದೆ ಎಲೆ ಸರಿಸಿ, ಬೆರಳಲ್ಲಿ ಚಿಗುರಿನ ಬುಡ ಹಿಡಿದು ಮುರಿದು ತೋರಿಸಿದ 11 ಸೆಕೆಂಡ್ ಪೂರ್ತಿ ಮಾಯ ಆಗಿತ್ತು. ವಿಡಿಯೋ ಮಾಡಿದ್ದೇ ಅದಕ್ಕೆ. ಈಗ ಹಾಗೇ ಬಿಟ್ಟಿದೀನಿ, ಹಿಂದೆ ಜೀರುಂಡೆ ಸದ್ದು ಬರ್ತಿದೆ, ಬರ್ಲಿ.